ಉಸಿರೆಣಿಸುವ ಒಂದು ನಿಮಿಷಕ್ಕೆ ಪಠ್ಯಕ್ರಮದಲ್ಲಿ ಜಾಗವೆಲ್ಲಿ?

ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಅಂದರೆ ಜಿಎನ್‌ಎಂ, ಮೂರು ವರ್ಷಗಳ ಡಿಪ್ಲೊಮಾ. ಅದರ ಪಠ್ಯಕ್ರಮವನ್ನು ಭಾರತೀಯ ನರ್ಸಿಂಗ್ ಪರಿಷತ್ತು ನಿಗದಿ ಮಾಡುತ್ತದೆ. ಮೊದಲ ವರ್ಷದಲ್ಲಿ ಬರುವ ನರ್ಸಿಂಗ್ ಫೌಂಡೇಷನ್ಸ್ ವಿಷಯಕ್ಕೆ 210 ಗಂಟೆಗಳಿವೆ. ಅದರಲ್ಲಿ 190 ಗಂಟೆ ಶುಶ್ರೂಷೆಯ ಮೂಲಪಾಠಗಳಿಗೆ, 20 ಗಂಟೆ ಪ್ರಥಮ ಚಿಕಿತ್ಸೆಗೆ. ರೋಗಿಯ ಮೂಲಭೂತ ಅಗತ್ಯಗಳು, ರೋಗಿಯ ಪರೀಕ್ಷೆ, ಸೋಂಕು ನಿಯಂತ್ರಣ, ಔಷಧಶಾಸ್ತ್ರದ ಪರಿಚಯ ಎಂಬ ಘಟಕಗಳೂ ಅವುಗಳ ಒಳವಿವರಗಳೂ ಪರಿಷತ್ತಿನ ಪಠ್ಯಕ್ರಮದಲ್ಲಿಯೇ ಸಿಗುತ್ತವೆ. ಆದರೆ ಯಾವ ವಾರ ಯಾವ ಪಾಠ, ಆ ವಾರ ವಿದ್ಯಾರ್ಥಿ ಕೈಯಾರೆ ಮಾಡಬೇಕಾದದ್ದೇನು, ಕಲಿತದ್ದನ್ನು ಯಾವಾಗ ಯಾರು ನೋಡಿ ಒಪ್ಪಬೇಕು ಎಂಬುದನ್ನು ಕಾಲೇಜಿನ ಶಿಕ್ಷಕರು ಕುಳಿತು ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಿದ್ದನ್ನು ಒಂದು ಪಟ್ಟಿಯಲ್ಲಿ ಇಡುವ ಕೆಲಸಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಪಟ್ಟಿಯ ಎಡಬದಿಯಲ್ಲಿ ಕಲಿಕಾ ಫಲಗಳು, ಮೇಲ್ಗಡೆ ವಾರಗಳು, ನಡುವಿನ ಮನೆಗಳಲ್ಲಿ ಪಾಠ, ಚಟುವಟಿಕೆ ಮತ್ತು ಮೌಲ್ಯಮಾಪನ ಇರುತ್ತವೆ.

ಈ ಯೋಚನೆ ಹಳೆಯದು. ಮೊದಲು ಉದ್ದೇಶ, ಆಮೇಲೆ ಅದಕ್ಕೆ ತಕ್ಕ ಕಲಿಕೆಯ ಅನುಭವ, ಕೊನೆಗೆ ಉದ್ದೇಶ ಕೈಗೂಡಿತೇ ಎಂಬ ಪರೀಕ್ಷೆ ಎಂಬ ಕ್ರಮವನ್ನು ಅಮೆರಿಕದ ರಾಲ್ಫ್ ಟೈಲರ್ 1949ರಲ್ಲೇ ಹೇಳಿದ್ದರು. ಶುಶ್ರೂಷೆಯ ಮಟ್ಟಿಗೆ ಹೆಚ್ಚು ನೆರವಾಗುವುದು ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣ ತಜ್ಞರು 1990ರಲ್ಲಿ ತೋರಿಸಿದ ನಾಲ್ಕು ಮೆಟ್ಟಿಲುಗಳು. ವಿದ್ಯಾರ್ಥಿಗೆ ವಿಷಯ ಗೊತ್ತಿರುವುದು ಮೊದಲನೆಯದು. ಅದನ್ನು ಹೇಗೆ ಮಾಡಬೇಕೆಂದು ಗೊತ್ತಿರುವುದು ಎರಡನೆಯದು. ಮಾಡಿ ತೋರಿಸುವುದು ಮೂರನೆಯದು. ನಿಜವಾದ ಕೆಲಸದ ಜಾಗದಲ್ಲಿ ಮಾಡುವುದು ನಾಲ್ಕನೆಯದು. ಕಲಿಕಾ ಫಲದಲ್ಲಿ ನಾಲ್ಕನೆಯ ಮೆಟ್ಟಿಲನ್ನು ಬರೆದು ಮೊದಲನೆಯದನ್ನಷ್ಟೇ ಪರೀಕ್ಷಿಸುವುದು ಪಠ್ಯಕ್ರಮಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ.

ಆ ದೋಷ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಂದೇ ಕಲಿಕಾ ಫಲವನ್ನು ಹಿಡಿದು ನೋಡಬಹುದು. ನಿದರ್ಶನಕ್ಕೆ ಮೈಬಿಸಿ, ನಾಡಿ, ಉಸಿರಾಟ, ರಕ್ತದೊತ್ತಡಗಳ ಪಾಠವನ್ನು ತೆಗೆದುಕೊಳ್ಳೋಣ. ವಾರ್ಡಿನಲ್ಲಿ ಇವನ್ನು ಒಟ್ಟಾಗಿ ವೈಟಲ್ಸ್ ಎನ್ನುತ್ತಾರೆ. ‘ವಿದ್ಯಾರ್ಥಿಗೆ ವೈಟಲ್ಸ್ ಬಗ್ಗೆ ತಿಳಿವಳಿಕೆ ಇರುವುದು’ ಎಂದು ಬರೆದರೆ ಅದನ್ನು ಯಾವ ವಾರಕ್ಕೂ ಜೋಡಿಸಬಹುದು, ಯಾವ ಪ್ರಶ್ನೆ ಕೇಳಿಯೂ ಮುಗಿಸಬಹುದು. ಅದರ ಬದಲು ಹೀಗೆ ಬರೆಯಬೇಕು: ‘ವಾರ್ಡಿನಲ್ಲಿರುವ ವಯಸ್ಕ ರೋಗಿಯ ಮೈಬಿಸಿ, ನಾಡಿ, ಉಸಿರಾಟ, ರಕ್ತದೊತ್ತಡಗಳನ್ನು ಸರಿಯಾದ ವಿಧಾನದಲ್ಲಿ ಅಳೆಯುವುದು, ಚಾರ್ಟಿನಲ್ಲಿ ದಾಖಲಿಸುವುದು, ಅಸಹಜವಾದುದನ್ನು ಕೂಡಲೇ ವರದಿ ಮಾಡುವುದು.’ ಈ ವಾಕ್ಯದಲ್ಲಿ ಮೂರು ಕ್ರಿಯೆಗಳಿವೆ. ಮೂರಕ್ಕೂ ಪಟ್ಟಿಯಲ್ಲಿ ಬೇರೆ ಬೇರೆ ಸಾಲು ಬೇಕು. ಅಳೆಯಲು ಬಂದವರಿಗೆಲ್ಲ ವರದಿ ಮಾಡಲು ಬರುತ್ತದೆ ಎನ್ನುವಂತಿಲ್ಲ.

ಮುಂದಿನ ಕೆಲಸ ವಾರಗಳಿಗೆ ಹಂಚುವುದು. ಮೊದಲ ನಾಲ್ಕು ವಾರ ವೃತ್ತಿಯ ಪರಿಚಯ, ಕೈ ತೊಳೆಯುವ ವಿಧಾನ, ರೋಗಿಯೊಡನೆ ಮಾತು ಇವುಗಳಲ್ಲಿ ಕಳೆದಿವೆ ಎಂದಿಟ್ಟುಕೊಳ್ಳೋಣ. 5ನೇ ವಾರ ಮೈಬಿಸಿ ಮತ್ತು ನಾಡಿ, 6ನೇ ವಾರ ಉಸಿರಾಟ ಮತ್ತು ರಕ್ತದೊತ್ತಡ, 7ನೇ ವಾರ ನಾಲ್ಕನ್ನೂ ಒಟ್ಟಿಗೆ ಅಳೆದು ಚಾರ್ಟ್ ತುಂಬುವುದು, 8ನೇ ವಾರ ಅಸಹಜ ಅಂಕಿಗಳನ್ನು ಗುರುತಿಸಿ ವರದಿ ಮಾಡುವುದು, 9ನೇ ವಾರದಿಂದ ಮೇಲ್ವಿಚಾರಣೆಯಲ್ಲಿ ವಾರ್ಡು. ಈ ಕ್ರಮವನ್ನು ಒಪ್ಪುವ ಮೊದಲು ಪಕ್ಕದ ವಿಷಯದ ಪಟ್ಟಿಯನ್ನೂ ತಂದು ನೋಡಬೇಕು. ಅಂಗರಚನೆ ಮತ್ತು ಶರೀರಕ್ರಿಯೆಯ ತರಗತಿಯಲ್ಲಿ ಶ್ವಾಸಾಂಗದ ಪಾಠ 10ನೇ ವಾರಕ್ಕಿದ್ದರೆ, 6ನೇ ವಾರದಲ್ಲಿ ಉಸಿರೆಣಿಸುವ ವಿದ್ಯಾರ್ಥಿಗೆ ತಾನು ಎಣಿಸುತ್ತಿರುವುದು ಏನೆಂದೇ ಸರಿಯಾಗಿ ಗೊತ್ತಿರುವುದಿಲ್ಲ. ಇಬ್ಬರು ಶಿಕ್ಷಕರು ಅರ್ಧ ಗಂಟೆ ಕುಳಿತು ಪಾಠಗಳನ್ನು ಹಿಂದೆ ಮುಂದೆ ಮಾಡಿಕೊಂಡರೆ ಸರಿಹೋಗುವ ತೊಡಕು ಇದು. ಪಟ್ಟಿಗಳನ್ನು ಅಕ್ಕಪಕ್ಕ ಇಡದಿದ್ದರೆ ವರ್ಷ ಮುಗಿದರೂ ಕಣ್ಣಿಗೆ ಬೀಳುವುದಿಲ್ಲ. ವಾರ್ಡ್ ಪೋಸ್ಟಿಂಗ್ ಬೇಗ ಬಂದು, ಕಲಿಯದ ಕೆಲಸಕ್ಕೆ ವಿದ್ಯಾರ್ಥಿಗಳನ್ನು ನಿಲ್ಲಿಸುವ ಪ್ರಸಂಗವೂ ಹೀಗೆಯೇ ಆಗುತ್ತದೆ. ಅದಕ್ಕಾಗಿಯೇ ಮಾಸ್ಟರ್ ರೊಟೇಷನ್ ಪ್ಲಾನನ್ನು ಈ ಪಟ್ಟಿಯ ಜೊತೆಗೇ ಬರೆಯಬೇಕು.

ಚಟುವಟಿಕೆಯ ಮನೆಯಲ್ಲಿ ‘ಪ್ರಾತ್ಯಕ್ಷಿಕೆ’ ಎಂದಷ್ಟೇ ಬರೆದರೆ ಸಾಲದು. ಶಿಕ್ಷಕರು ಮಾಡಿ ತೋರಿಸಿದ್ದನ್ನು ವಿದ್ಯಾರ್ಥಿ ತಿರುಗಿ ಮಾಡಿ ತೋರಿಸಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕವನ್ನೂ ಪಟ್ಟಿ ಒಳಗೊಳ್ಳಬೇಕು. ಹೊಸಬರೊಬ್ಬರು ರೋಗಿಗೆ ವಿಷಯ ತಿಳಿಸಿ, ಪಟ್ಟಿ ಕಟ್ಟಿ, ಮೊದಲು ನಾಡಿ ಮುಟ್ಟಿ ಒತ್ತಡವನ್ನು ಅಂದಾಜು ಮಾಡಿ, ಆಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಬರೆದು ಮುಗಿಸಲು ಎಂಟು ನಿಮಿಷ ಎಂದುಕೊಳ್ಳೋಣ. ತರಗತಿಯಲ್ಲಿ 40 ಜನರಿದ್ದರೆ ಎಲ್ಲರನ್ನೂ ಒಂದೊಂದು ಸಲ ನೋಡಲು 320 ನಿಮಿಷ, ಅಂದರೆ ಐದು ಗಂಟೆ ಇಪ್ಪತ್ತು ನಿಮಿಷ ಬೇಕು. ಒಬ್ಬರೇ ಶಿಕ್ಷಕರಿದ್ದು ಎರಡು ಗಂಟೆಯ ಲ್ಯಾಬ್ ಇಟ್ಟರೆ ಅವರು ನೋಡಲಾಗುವುದು 15 ಜನರನ್ನು. ಉಳಿದ 25 ಜನರ ಕೈಯನ್ನು ಯಾರೂ ನೋಡಿರುವುದಿಲ್ಲ. ಆದರೂ ಪ್ರೊಸೀಜರ್ ಬುಕ್ಕಿನಲ್ಲಿ ಎಲ್ಲರಿಗೂ ಸಹಿ ಬಿದ್ದಿರುತ್ತದೆ. ಹತ್ತು ಹತ್ತು ಜನರ ನಾಲ್ಕು ಗುಂಪು ಮಾಡಿ ಪ್ರತಿ ಗುಂಪಿಗೆ ಒಬ್ಬ ಶಿಕ್ಷಕರನ್ನು ಕೊಟ್ಟರೆ 80 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅಷ್ಟು ಶಿಕ್ಷಕರಿಲ್ಲದಿದ್ದರೆ ಅದೇ ಲ್ಯಾಬನ್ನು ಎರಡು ಮೂರು ದಿನಕ್ಕೆ ಹಂಚಬೇಕು, ಪಟ್ಟಿಯಲ್ಲಿ ಹಾಗೆಂದೇ ಬರೆಯಬೇಕು. ಗಂಟೆಯ ಲೆಕ್ಕವಿಲ್ಲದ ಪಟ್ಟಿ ಎಷ್ಟೇ ಚೆನ್ನಾಗಿ ಕಂಡರೂ ಉಪಯೋಗಕ್ಕೆ ಬಾರದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಮೌಲ್ಯಮಾಪನದ ಮನೆಯಲ್ಲಿ. ಉಸಿರಾಟವನ್ನೇ ನೋಡಿ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿ ಉಸಿರಾಡುವ ಲಯವೇ ಬದಲಾಗಬಹುದು. ಆದ್ದರಿಂದ ನಾಡಿ ನೋಡಿದ ಮೇಲೆ ಮಣಿಕಟ್ಟನ್ನು ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಿಂತು, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಸ್ವಸ್ಥ ವಯಸ್ಕರಲ್ಲಿ ವಿಶ್ರಾಂತಿಯಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ಕೆಲಸದ ಒತ್ತಡದಲ್ಲಿ ಎಣಿಸದೆಯೇ 18 ಎಂದೋ 20 ಎಂದೋ ಬರೆದುಬಿಡುವ ಅಭ್ಯಾಸ ಬೆಳೆಯುತ್ತದೆ. ರೋಗಿಯ ಸ್ಥಿತಿ ಕೆಡುತ್ತಿದೆ ಎಂಬ ಮುನ್ಸೂಚನೆ ಹಲವು ಸಲ ಮೊದಲು ಕಾಣಿಸುವುದು ಉಸಿರಾಟದ ವೇಗದಲ್ಲಿಯೇ ಆದ್ದರಿಂದ, ಈ ಅಭ್ಯಾಸಕ್ಕೆ ತೆರುವ ಬೆಲೆ ದೊಡ್ಡದು. ಇಷ್ಟೆಲ್ಲ ಇದ್ದೂ ಪರೀಕ್ಷೆಯಲ್ಲಿ ಬರುವ ಪ್ರಶ್ನೆ ‘ಉಸಿರಾಟದ ವ್ಯಾಖ್ಯೆ ಬರೆದು, ಅದರ ಮೇಲೆ ಪ್ರಭಾವ ಬೀರುವ ಅಂಶಗಳನ್ನು ವಿವರಿಸಿ’ ಎಂದು. ಹತ್ತಕ್ಕೆ ಒಂಬತ್ತು ಅಂಕ ತೆಗೆದ ವಿದ್ಯಾರ್ಥಿ ಒಂದು ಸಲವೂ ಪೂರ್ತಿ ನಿಮಿಷ ಎಣಿಸದೆ ವಾರ್ಡಿಗೆ ಹೋಗಬಹುದು.

ಹಾಗಾಗದಂತೆ ಜೋಡಿಸುವುದು ಕಷ್ಟವಲ್ಲ. ಮಲಗಿರುವ ವ್ಯಕ್ತಿಯೊಬ್ಬರ ಎದೆಯ ಏರಿಳಿತವನ್ನು ಅವರ ಒಪ್ಪಿಗೆ ಪಡೆದು ಒಂದು ನಿಮಿಷ ವಿಡಿಯೊ ಮಾಡಿಟ್ಟುಕೊಂಡರೆ, ಸರಿಯಾದ ಎಣಿಕೆ ಎಷ್ಟೆಂದು ಶಿಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. 6ನೇ ವಾರದ ಕೊನೆಗೆ ನಲವತ್ತು ಜನರೂ ಅದನ್ನು ಒಮ್ಮೆಲೇ ನೋಡಿ ಎಣಿಸಿ ಚೀಟಿಯಲ್ಲಿ ಬರೆದು ಕೊಡಬಹುದು. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದವರು ಮತ್ತೆ ಅಭ್ಯಾಸ ಮಾಡಬೇಕು. ಇದಕ್ಕೆ ಅಂಕವಿಲ್ಲ, ಸರಿಪಡಿಸಿಕೊಳ್ಳಲು ಮಾತ್ರ. ರಕ್ತದೊತ್ತಡಕ್ಕೆ ಎರಡು ಜೊತೆ ಕಿವಿತುದಿಗಳಿರುವ ಸ್ಟೆತಸ್ಕೋಪ್ ಇದೆ. ಶಿಕ್ಷಕರೂ ವಿದ್ಯಾರ್ಥಿಯೂ ಅದೇ ಶಬ್ದವನ್ನು ಅದೇ ಕ್ಷಣದಲ್ಲಿ ಕೇಳಿ, ತಮ್ಮ ತಮ್ಮ ಅಂಕಿ ಬರೆದುಕೊಂಡು ಹೋಲಿಸುತ್ತಾರೆ. ತೋಳಿನ ಗಾತ್ರಕ್ಕಿಂತ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಆದ್ದರಿಂದ ಪಟ್ಟಿಯನ್ನು ಆರಿಸುವುದೂ ಚೆಕ್‌ಲಿಸ್ಟಿನಲ್ಲಿ ಒಂದು ಅಂಶವಾಗಿರಬೇಕು.

12ನೇ ವಾರ ಓಸ್ಕಿ ಇಡಬಹುದು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು ರೂಪಿಸಿ 1975ರಲ್ಲಿ ಪ್ರಕಟಿಸಿದ ಈ ಪರೀಕ್ಷಾ ವಿಧಾನದಲ್ಲಿ ವಿದ್ಯಾರ್ಥಿಗಳು ಒಂದೊಂದು ಸ್ಟೇಷನ್ನಿಗೆ ಹೋಗಿ, ನಿಗದಿಯಾದ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತಾರೆ. ಪರೀಕ್ಷಕರು ಎಲ್ಲರಿಗೂ ಒಂದೇ ಚೆಕ್‌ಲಿಸ್ಟಿನಿಂದ ಅಂಕ ಹಾಕುತ್ತಾರೆ. ಮೂರು ಸಾಲಿಗೂ ಇಲ್ಲಿ ಸ್ಟೇಷನ್ ಸಿಗುತ್ತದೆ: ಒಂದರಲ್ಲಿ ಅಳೆಯುವುದು, ಇನ್ನೊಂದರಲ್ಲಿ ಕೊಟ್ಟ ಅಂಕಿಗಳನ್ನು ಚಾರ್ಟಿಗೆ ಏರಿಸುವುದು, ಮೂರನೆಯದರಲ್ಲಿ ವರದಿ. ಮೂರನೆಯದರಲ್ಲಿ ವಿದ್ಯಾರ್ಥಿಯ ಕೈಗೆ ಬರುವ ಚಾರ್ಟಿನಲ್ಲಿ ಉಸಿರಾಟ ಬೆಳಿಗ್ಗೆ 18, ಮಧ್ಯಾಹ್ನ 22, ಈಗ 28. ಪಕ್ಕದಲ್ಲಿ ವಾರ್ಡ್ ಸಿಸ್ಟರ್ ಪಾತ್ರದಲ್ಲಿ ಒಬ್ಬರು ಕುಳಿತಿರುತ್ತಾರೆ. ‘ಸಿಸ್ಟರ್, ನಾಲ್ಕನೇ ಬೆಡ್ಡಿನ ಪೇಷೆಂಟಿಗೆ ಉಸಿರಾಟ ಈಗ 28 ಇದೆ, ಬೆಳಿಗ್ಗೆ 18 ಇತ್ತು, ದಯವಿಟ್ಟು ಬಂದು ನೋಡ್ತೀರಾ?’ ಎಂದು ವಿದ್ಯಾರ್ಥಿ ತಾನಾಗಿ ಹೇಳಿದರೆ ಫಲ ಕೈಗೂಡಿತು. ಅಂಕಿಯನ್ನು ಅಂದವಾಗಿ ಚಾರ್ಟಿನಲ್ಲಿ ಬರೆದು ಸುಮ್ಮನಿದ್ದರೆ ಆ ಸಾಲಿನಲ್ಲಿ ತೇರ್ಗಡೆಯಿಲ್ಲ.

ಆದರೂ ಓಸ್ಕಿ ಮಿಲ್ಲರ್ ಅವರ ಮೂರನೇ ಮೆಟ್ಟಿಲಿಗೇ ನಿಲ್ಲುತ್ತದೆ. ಕಲಿಕಾ ಫಲದಲ್ಲಿ ‘ವಾರ್ಡಿನಲ್ಲಿರುವ ರೋಗಿ’ ಎಂದು ಬರೆದಾಗಿದೆ. ಹಾಗಾಗಿ 16ನೇ ವಾರದೊಳಗೆ, ವಾರ್ಡಿನಲ್ಲಿ ನಿಜವಾದ ರೋಗಿಯ ಮುಂದೆ, ಶಿಕ್ಷಕರೊಬ್ಬರು ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕುವ ಮನೆಯೊಂದು ಪಟ್ಟಿಯಲ್ಲಿ ಇರಲೇಬೇಕು. ಲಿಖಿತ ಪ್ರಶ್ನೆಗಳು ಬೇಡವೆಂದಲ್ಲ. ಜ್ವರ ಬಂದಾಗ ನಾಡಿ ಏಕೆ ಏರುತ್ತದೆ ಎಂಬುದನ್ನು ಬರೆಸಿಯೇ ನೋಡಬೇಕು. ಅದು ಬೇರೆ ಸಾಲಿನ ಪರೀಕ್ಷೆ.

ಪಟ್ಟಿ ತುಂಬಿದ ಮೇಲೆ ಅದನ್ನು ಎರಡು ದಿಕ್ಕಿನಿಂದ ಓದಬೇಕು. ಅಡ್ಡಸಾಲಿನಲ್ಲಿ ಓದಿದಾಗ ಪ್ರತಿ ಫಲಕ್ಕೂ ಪರಿಚಯ, ಅಭ್ಯಾಸ, ಪರೀಕ್ಷೆ ಮೂರೂ ಸಿಗಬೇಕು, ಅದೇ ಕ್ರಮದಲ್ಲಿ ಸಿಗಬೇಕು. ಮೇಲಿಂದ ಕೆಳಗೆ ಓದಿದಾಗ ಯಾವ ವಾರವೂ ಬರಿದಾಗಿರಬಾರದು, ಯಾವ ವಾರವೂ ತುಂಬಿ ತುಳುಕಬಾರದು. ಎಲ್ಲ ಮನೆಗಳಲ್ಲೂ ಗುರುತು ಬಿದ್ದಿದ್ದರೆ ಆ ಪಟ್ಟಿಯನ್ನು ತಪಾಸಣೆಗೆ ಬರುವವರಿಗಾಗಿ ಕೊನೆಗೆ ತುಂಬಿದ್ದಾರೆಂದೇ ತಿಳಿಯಬೇಕು. ಪರೀಕ್ಷೆಯೇ ಸಿಗದ ಫಲವಿದ್ದರೆ ದಾರಿ ಎರಡೇ, ಪರೀಕ್ಷೆಯನ್ನು ಸೇರಿಸಬೇಕು ಅಥವಾ ಆ ಫಲವನ್ನು ಅಳಿಸಬೇಕು.

ವಾರ್ಡಿನಲ್ಲಿ ಹಿರಿಯರು ಎಣಿಸದೆ ಬರೆಯುವುದನ್ನು ವಿದ್ಯಾರ್ಥಿ ಕಂಡರೆ ಅದನ್ನು ಯಾವ ಪಟ್ಟಿಯೂ ತಡೆಯಲಾರದು. ಆದರೆ ಕಲಿಕೆ ಎಲ್ಲಿ ಸಡಿಲಾಯಿತೆಂದು ವಿದ್ಯಾರ್ಥಿಗಳು ತುಂಬಿದ ಚಾರ್ಟುಗಳಿಂದಲೇ ಪತ್ತೆ ಮಾಡಬಹುದು. ರಕ್ತದೊತ್ತಡದ ಅಂಕಿಗಳೆಲ್ಲ ಸೊನ್ನೆಯಲ್ಲೇ ಕೊನೆಗೊಂಡಿದ್ದರೆ ಮಾಪಕವನ್ನು ಗಮನವಿಟ್ಟು ಓದಿಲ್ಲ. ಇಡೀ ವಾರ್ಡಿನ ರೋಗಿಗಳ ಉಸಿರಾಟ 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ. ವರ್ಷದ ಕೊನೆಗೆ ಪಟ್ಟಿಯನ್ನು ಪರಿಷ್ಕರಿಸಲು ಕೂರುವ ಶಿಕ್ಷಕರು ಅಂಥ ಚಾರ್ಟುಗಳನ್ನು ಮುಂದಿಟ್ಟುಕೊಂಡು, 6ನೇ ವಾರದ ಲ್ಯಾಬಿಗೂ 16ನೇ ವಾರದ ವಾರ್ಡ್ ಪರೀಕ್ಷೆಗೂ ಇನ್ನಷ್ಟು ಗಂಟೆ ಕೊಡಬೇಕು.