ಹೊಳೆಯುವ ಗಿಂಡಿಯ ಚಲನಚಿತ್ರ ತೆಗೆಯುವ ಬಗೆ

ಅಂತರ್ಜಾಲದ ಅಂಗಡಿಗಳಲ್ಲಿ ಒಂದು ವಸ್ತು ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತ ಎಲ್ಲ ಮಗ್ಗುಲುಗಳನ್ನೂ ತೋರಿಸುವ ಪುಟ್ಟ ಚಲನಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ತಿರುಗುವ ಮಣೆಯ ಮೇಲೆ ವಸ್ತುವನ್ನಿಟ್ಟು ಮೊಬೈಲಿನಿಂದ ತೆಗೆಯುವ ಚಿತ್ರಗಳಿವು. ಮರದ ಆಟಿಕೆ, ಹಾಳೆಯ ತಟ್ಟೆ, ಬಟ್ಟೆಯ ಚೀಲ ಇವುಗಳನ್ನು ಹೀಗೆ ತೆಗೆಯುವುದು ಕಷ್ಟವಲ್ಲ. ಹಿತ್ತಾಳೆಯ ಗಿಂಡಿಯನ್ನು ತೆಗೆಯಹೊರಟಾಗಲೇ ತೊಡಕು ಎದುರಾಗುವುದು.

ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ಮನೆಯವರದು ಪಾತ್ರೆಯ ಅಂಗಡಿ. ಅವರು ಗಿಂಡಿಯೊಂದನ್ನು ತಿರುಗಿಸಿ ತೆಗೆದ ಚಿತ್ರವನ್ನು ನಮ್ಮ ವಿಜ್ಞಾನ ಸಂಘದವರಿಗೆ ತೋರಿಸಿದರು. ಗಿಂಡಿಯ ಹೊಟ್ಟೆಯಲ್ಲಿ ಕಿಟಕಿ, ಕೊಳವೆ ದೀಪ, ಮೊಬೈಲು ಹಿಡಿದ ಅಣ್ಣ, ಬಾಗಿಲಲ್ಲಿ ನಿಂತ ಅಜ್ಜಿ ಎಲ್ಲವೂ ಚೆನ್ನಾಗಿ ಕಾಣುತ್ತಿದ್ದವು. ಗಿಂಡಿ ಮಾತ್ರ ಕಾಣುತ್ತಿರಲಿಲ್ಲ. ಇದಕ್ಕೂ ಮುಂಚೆ ಇಂಥದೇ ಚಿತ್ರವನ್ನು ನಂಬಿ ಕೊಂಡವರೊಬ್ಬರು, ಚಿತ್ರದಲ್ಲಿ ಕಾಣದ ತಗ್ಗೊಂದು ಪಾತ್ರೆಯಲ್ಲಿದೆಯೆಂದು ಅದನ್ನು ಹಿಂದಕ್ಕೆ ಕಳುಹಿಸಿದ್ದರಂತೆ. ಹೋಗುವ ಮತ್ತು ಬರುವ ಎರಡು ಸಾಗಣೆಯ ವೆಚ್ಚವೂ ಅಂಗಡಿಯ ತಲೆಗೇ ಬಂದಿತ್ತು.

ಇದರ ಕಾರಣವನ್ನು ತಿಳಿಯಲು ಹತ್ತನೆಯ ತರಗತಿಯ ಬೆಳಕಿನ ಪಾಠವೇ ಸಾಕು. ಉಜ್ಜಿದ ಹಿತ್ತಾಳೆ ಒಂದು ಕನ್ನಡಿ. ಉಬ್ಬಿದ ಹೊಟ್ಟೆಯುಳ್ಳದ್ದಾದ್ದರಿಂದ ಅದು ಪೀನ ದರ್ಪಣ. ಪೀನ ದರ್ಪಣದಲ್ಲಿ ಕೋಣೆಯ ಬಹುಭಾಗ ಸಣ್ಣದಾಗಿ ಮೂಡುತ್ತದೆ. ಆದುದರಿಂದ ಪ್ರತಿಬಿಂಬವೇ ಇಲ್ಲದಂತೆ ಗಿಂಡಿಯ ಚಿತ್ರವನ್ನು ತೆಗೆಯುವುದು ಅಸಾಧ್ಯ. ಯಾವುದು ಪ್ರತಿಬಿಂಬಿಸಬೇಕೆಂಬುದನ್ನು ಮಾತ್ರ ನಾವು ಆರಿಸಿಕೊಳ್ಳಬಹುದು. ಬೆಳಕನ್ನು ಗಿಂಡಿಯ ಮೇಲೆ ಬಿಡುವುದಲ್ಲ, ಗಿಂಡಿ ನೋಡುವ ಗೋಡೆಗಳ ಮೇಲೆ ಬಿಡಬೇಕು. ಕ್ಯಾಮೆರಾಕ್ಕೆ ಪೋಲರಾಯ್ಡ್ ಗಾಜು ಹಾಕಿದರೆ ಹೊಳಪು ಹೋಗುವುದೆಂದು ಕೆಲವರು ಹೇಳುವುದುಂಟು. ಗಾಜು, ನೀರು, ವಾರ್ನಿಷು ಬಳಿದ ಮರ ಇವುಗಳಲ್ಲಿ ಓರೆಯಾಗಿ ಬರುವ ಹೊಳಪಿಗೆ ಆ ಮಾತು ನಿಜ. ಲೋಹದ ಹೊಳಪಿಗೆ ಅದು ನಾಟುವುದಿಲ್ಲ.

ನಾವು ಸುಮಾರು 60 ಸೆಂಟಿಮೀಟರು ಅಗಲದ ಒಂದು ರಟ್ಟಿನ ಪೆಟ್ಟಿಗೆಯನ್ನು ತೆಗೆದುಕೊಂಡು, ಎಡ, ಬಲ ಮತ್ತು ಮೇಲಿನ ಮೈಗಳನ್ನು ಕತ್ತರಿಸಿ, ಆ ಕಿಂಡಿಗಳಿಗೆ ತೆಳ್ಳನೆಯ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿದೆವು. ಪಂಚೆಗೆ ಮೊದಲು ಇಸ್ತ್ರಿ ಹಾಕಬೇಕು, ಯಾಕೆಂದರೆ ಮಡಿಕೆಯ ಗೆರೆಯೊಂದಿದ್ದರೂ ಅದು ಗಿಂಡಿಯ ಮೇಲೆ ಮೂಡುತ್ತದೆ. ಕರೆಯಿರುವ ಅಂಚನ್ನು ಹೊರಗೆ ಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಒಳಗೆ ಹಿಂದಿನಿಂದ ತಳದವರೆಗೆ ಒಂದೇ ಬಿಳಿ ಹಾಳೆಯನ್ನು ಮೂಲೆ ಬೀಳದಂತೆ ಬಾಗಿಸಿ ಹಾಸಿದೆವು. ತಿರುಗುವ ಮಣೆಯ ಮೇಲೂ ಬಿಳಿ ಕಾಗದದ ಬಿಲ್ಲೆಯನ್ನು ಅಂಟಿಸಿದೆವು.

ದೀಪಗಳು ಪೆಟ್ಟಿಗೆಯ ಹೊರಗಿರಬೇಕು. ಒಂದೇ ತಯಾರಿಕೆಯ, ಒಂದೇ ಬಣ್ಣದ ಎರಡು ಎಲ್‌ಇಡಿ ಬಲ್ಬುಗಳು ಸಾಕು. ಬಲ್ಬನ್ನು ಬಟ್ಟೆಗೆ ತಾಗಿಸಿದಂತೆ ಇಟ್ಟರೆ ಬಟ್ಟೆಯ ನಡುವೆ ಬೆಳ್ಳನೆಯ ಚುಕ್ಕೆಯೊಂದು ಬಿದ್ದು, ಅದೇ ಚುಕ್ಕೆ ಗಿಂಡಿಯಲ್ಲೂ ಕಾಣುತ್ತದೆ. ಅರ್ಧ ಮೀಟರು ಹಿಂದಕ್ಕೆ ಸರಿಸಿದಾಗ ಬಟ್ಟೆಯೆಲ್ಲ ಸಮನಾಗಿ ಬೆಳಗಿತು. ಆ ಬೆಳಗಿದ ಬಟ್ಟೆಯೇ ಈಗ ನಮ್ಮ ದೀಪ. ಕೋಣೆಯ ಕಿಟಕಿಗಳನ್ನು ಮುಚ್ಚಬೇಕು, ಇಲ್ಲವಾದರೆ ಹಗಲಿನ ಬೆಳಕೂ ಬಲ್ಬಿನ ಬೆಳಕೂ ಬೆರೆತು ಹಿತ್ತಾಳೆಯ ಒಂದು ಮಗ್ಗುಲು ನೀಲಿಯಾಗಿಯೂ ಇನ್ನೊಂದು ಹಳದಿಯಾಗಿಯೂ ತೋರುತ್ತದೆ.

ಇನ್ನು ಉಳಿದದ್ದು ಕ್ಯಾಮೆರಾದ ಪ್ರತಿಬಿಂಬ. ಗಿಂಡಿಯನ್ನು ಎತ್ತ ತಿರುಗಿಸಿದರೂ ಹೊಟ್ಟೆಯ ಯಾವುದೋ ಒಂದು ಬಿಂದು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿರುವುದರಿಂದ ಇದನ್ನು ತಪ್ಪಿಸಲಾಗದು, ಕಿರಿದು ಮಾಡಬಹುದಷ್ಟೆ. ನಮ್ಮ ಗಿಂಡಿಯ ಹೊಟ್ಟೆಯ ಅಗಲ 12 ಸೆಂಟಿಮೀಟರು. ಅಂದರೆ ತ್ರಿಜ್ಯ 6, ಸಂಗಮ ದೂರ 3 ಸೆಂಟಿಮೀಟರು. 16 ಸೆಂಟಿಮೀಟರು ಉದ್ದದ ಮೊಬೈಲನ್ನು 30 ಸೆಂಟಿಮೀಟರು ದೂರದಲ್ಲಿ ಹಿಡಿದರೆ ದರ್ಪಣದ ಸೂತ್ರದಂತೆ ಅದರ ಬಿಂಬ ಸುಮಾರು ಒಂದೂವರೆ ಸೆಂಟಿಮೀಟರು. ಒಂದು ಮೀಟರು ದೂರಕ್ಕೆ ಒಯ್ದರೆ ಅರ್ಧ ಸೆಂಟಿಮೀಟರಿಗೂ ಕಡಿಮೆ. ಪೆಟ್ಟಿಗೆಯ ಎದುರಿಗೂ ಬಟ್ಟೆಯನ್ನು ಇಳಿಬಿಟ್ಟು, ಮೊಬೈಲನ್ನು ಸ್ಟ್ಯಾಂಡಿನ ಮೇಲೆ ಒಂದು ಮೀಟರು ದೂರದಲ್ಲಿ ನಿಲ್ಲಿಸಿ, ಮಸೂರದಷ್ಟೇ ತೂತಿರುವ ಬಿಳಿ ರಟ್ಟನ್ನು ಅದರ ಮುಂದೆ ಇಟ್ಟೆವು. ಎದುರಿನ ಬಟ್ಟೆಯಲ್ಲಿ ಚಿತ್ರಕ್ಕೆ ಬೇಕಾದಷ್ಟೇ ಕಿಂಡಿ. ಆಗ ಉಳಿದದ್ದು ಒಂದು ಮಿಲಿಮೀಟರಿನಷ್ಟು ಕಪ್ಪು ಚುಕ್ಕೆ, ಮತ್ತು ಕಿಂಡಿಯ ಮಂದವಾದ ನೆರಳು. ದೂರದಿಂದ ತೆಗೆಯುವುದರಿಂದ ಜೂಮ್ ಬೇಕಾಗುತ್ತದೆ. ಪ್ರತ್ಯೇಕ ಜೂಮ್ ಮಸೂರವಿರುವ ಮೊಬೈಲಾದರೆ ಚಿತ್ರ ಕೆಡುವುದಿಲ್ಲ.

ಇಷ್ಟಾದಾಗ ಬೇರೊಂದು ಸಂಗತಿ ಕಂಡುಬಂತು. ಸುತ್ತಲೂ ಬಿಳಿಯಾದಾಗ ಗಿಂಡಿ ಹಳದಿ ಕಾಗದದಲ್ಲಿ ಕತ್ತರಿಸಿಟ್ಟಂತೆ ಚಪ್ಪಟೆಯಾಗಿ ಕಾಣುತ್ತದೆ. ಅದರ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಇದಕ್ಕಾಗಿ 4 ಸೆಂಟಿಮೀಟರು ಅಗಲದ ಎರಡು ಕಪ್ಪು ರಟ್ಟಿನ ಪಟ್ಟಿಗಳನ್ನು ಗಿಂಡಿಯ ಎರಡು ಪಕ್ಕಗಳಲ್ಲಿ, ತುಸು ಹಿಂದೆ, ಚಿತ್ರದ ಚೌಕಟ್ಟಿನಿಂದ ಸ್ವಲ್ಪವೇ ಹೊರಗೆ ನಿಲ್ಲಿಸಿದೆವು. ಕೂಡಲೇ ಅಂಚಿನುದ್ದಕ್ಕೂ ತೆಳ್ಳನೆಯ ಕಪ್ಪು ಗೆರೆ ಮೂಡಿ ಗಿಂಡಿ ಗುಂಡಗಾಯಿತು.

ಈಗ ಮಣೆಯನ್ನು ತಿರುಗಿಸಿ ನೋಡಿರಿ. ಸೊಂಡಿಲು ಸುತ್ತುತ್ತದೆ, ಆದರೆ ಹೊಟ್ಟೆಯ ಮೇಲಿನ ಬೆಳಕೂ ಕಪ್ಪು ಗೆರೆಯೂ ಇದ್ದಲ್ಲೇ ಇರುತ್ತವೆ. ಕಡೆದ ಪಾತ್ರೆ ತಿರುಗಿದರೂ ಅದರ ಆಕಾರ ಬದಲಾಗುವುದಿಲ್ಲವಷ್ಟೆ, ಹಾಗಾಗಿ ಪ್ರತಿಬಿಂಬವೂ ಬದಲಾಗದು. ಗೆರೆ ಎಡಬಲಕ್ಕೆ ತೂಗಾಡಿದರೆ ಗಿಂಡಿ ಮಣೆಯ ನಡುಮಧ್ಯದಲ್ಲಿ ಇಲ್ಲವೆಂದು ತಿಳಿಯಬೇಕು. ಪೆನ್ಸಿಲಿನ ಮೊನೆಯನ್ನು ಹೊಟ್ಟೆಯ ಹತ್ತಿರ ಅಲುಗದಂತೆ ಹಿಡಿದು ಒಂದು ಸುತ್ತು ತಿರುಗಿಸಿ, ನಡುವಿನ ಸಂದು ಎಲ್ಲೆಡೆ ಒಂದೇ ಆಗುವವರೆಗೆ ಗಿಂಡಿಯನ್ನು ಸರಿಸಿದರೆ ಇದು ಸರಿಹೋಗುತ್ತದೆ. ಗಿಂಡಿ ನಡುವಿನಲ್ಲೇ ಇದ್ದು, ಒಂದು ಕಡೆಯಲ್ಲಿ ಮಾತ್ರ ಗೆರೆ ಥಟ್ಟನೆ ಬಳುಕಿದರೆ ಅಲ್ಲಿ ತಗ್ಗಿದೆ ಎಂದರ್ಥ. ನಮ್ಮ ಗಿಂಡಿಯಲ್ಲಿ ಸೊಂಡಿಲಿನ ಬುಡದಿಂದ ಎರಡು ಬೆರಳು ಆಚೆ ಗೆರೆ ಹಾಗೆ ಬಳುಕಿತು. ಅಲ್ಲಿಯವರೆಗೆ ಆ ತಗ್ಗನ್ನು ಅಂಗಡಿಯವರೂ ಗಮನಿಸಿರಲಿಲ್ಲ. ಪಟ್ಟಿಗಳನ್ನು ತೆಗೆದುಬಿಟ್ಟರೆ ಅದು ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಹಾಗೆಯೇ ಮಾಡೋಣವೆಂದು ಒಬ್ಬಿಬ್ಬರು ಸೂಚಿಸಿದರು ಕೂಡ. ಹಿಂದಿರುಗಿ ಬಂದ ಪಾತ್ರೆಯ ನೆನಪಿದ್ದುದರಿಂದ ವಿದ್ಯಾರ್ಥಿಯ ತಂದೆಯವರೇ ಬೇಡವೆಂದರು. ಪಟ್ಟಿಗಳು ನಿಂತಲ್ಲೇ ನಿಂತವು.

ತೆಗೆಯುವ ಮುನ್ನ ಮೊಬೈಲಿನ ಎರಡು ಚಾಳಿಗಳನ್ನು ಕಟ್ಟಿಹಾಕಬೇಕು. ಸೊಂಡಿಲು ಎದುರಿಗೆ ಬಂದಾಗಲೆಲ್ಲ ಅದು ತಾನಾಗಿ ಬೆಳಕನ್ನೂ ನಾಭಿಯನ್ನೂ ಬದಲಿಸುತ್ತದೆ. ಚಿತ್ರ ಮಿಡಿಯುವಂತೆ ಕಾಣುತ್ತದೆ. ಹಲವು ಮೊಬೈಲುಗಳಲ್ಲಿ ಪರದೆಯ ಮೇಲಿನ ಗಿಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಇವೆರಡೂ ಸ್ಥಿರವಾಗುತ್ತವೆ. ಎರಡನೆಯದು, ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ತಿಳಿಯದಿದ್ದರೂ ಚಲನಚಿತ್ರದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಶಟರಿನ ವೇಗವನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಇಟ್ಟರೆ ಪ್ರತಿ ಚಿತ್ರಕ್ಕೂ ಪೂರ್ಣ ಮಿಡಿತಗಳೇ ಸಿಕ್ಕಿ ಪಟ್ಟೆಗಳು ಮಾಯವಾಗುತ್ತವೆ.

ನಮ್ಮ ಮಣೆ ಒಂದು ಸುತ್ತಿಗೆ 20 ಸೆಕೆಂಡು ತೆಗೆದುಕೊಂಡಿತು. ಇದಕ್ಕಿಂತ ಬೇಗ ತಿರುಗಿದರೆ ಕೆತ್ತನೆ ಕಣ್ಣಿಗೆ ನಿಲ್ಲದು. ಹೊರಡುವಾಗಿನ ಅಲುಗಾಟ ಬಾರದಂತೆ ಎರಡು ಸುತ್ತು ತೆಗೆದು, ಎರಡನೆಯದನ್ನು ಮಾತ್ರ, ಸೊಂಡಿಲು ಬಲಕ್ಕಿರುವಲ್ಲಿಂದ ಮತ್ತೆ ಬಲಕ್ಕೆ ಬರುವವರೆಗೆ ಕತ್ತರಿಸಿ ಉಳಿಸಿಕೊಂಡೆವು. ಹನ್ನೊಂದನೆಯ ಸೆಕೆಂಡಿನಲ್ಲಿ ಗೆರೆ ಬಳುಕುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಿವರದ ಸಾಲಿನಲ್ಲೂ ಆ ತಗ್ಗಿನ ವಿಷಯವನ್ನು ಬರೆದು, ಬೆಲೆಯನ್ನು ಸ್ವಲ್ಪ ಇಳಿಸಿ, ಅಂಗಡಿಯವರು ಚಿತ್ರವನ್ನು ಅಂತರ್ಜಾಲಕ್ಕೆ ಏರಿಸಿದರು.