ಐದು ನಕ್ಷತ್ರ ಕಾಣುತ್ತದೆ, ವರ್ಷ ಕಾಣುವುದಿಲ್ಲ

ಮಾರ್ಚ್ ಬಂತೆಂದರೆ ಗಚ್ಚಿಬೌಲಿಯಲ್ಲಿ ಸೆಕೆಂಡ್ ಹ್ಯಾಂಡ್ ಎಸಿಗಳ ಸಂತೆ ಶುರು. ಕೆಲಸ ಬದಲಾಗಿ ಊರು ಬಿಡುವವರು ಮಾರುತ್ತಾರೆ, ಹೊಸದಾಗಿ ಬಾಡಿಗೆ ಮನೆ ಹಿಡಿದವರು ಕೊಳ್ಳುತ್ತಾರೆ. ವ್ಯವಹಾರ ಆರಂಭವಾಗುವುದು ಮೊಬೈಲಿನಲ್ಲಿ ಕಾಣುವ ನಾಲ್ಕು ಫೋಟೋಗಳಿಂದ. ಈ ಫೋಟೋಗಳಲ್ಲಿ ಏನಿದೆ ಎನ್ನುವುದಕ್ಕಿಂತ ಏನನ್ನು ಬಿಟ್ಟಿದ್ದಾರೆ ಎಂದು ನೋಡುವುದೇ ಮುಖ್ಯ ಎಂಬುದು ನನ್ನ ಅನುಭವ.

ಕಳೆದ ಬೇಸಿಗೆಯಲ್ಲಿ ದಾವಣಗೆರೆ ಮೂಲದ ನನ್ನ ಸಹೋದ್ಯೋಗಿಯೊಬ್ಬರು ಒಂದು ಜಾಹೀರಾತು ತೋರಿಸಿದರು. ಒಂದೂವರೆ ಟನ್ ಇನ್ವರ್ಟರ್ ಎಸಿ, ಫೈವ್ ಸ್ಟಾರ್, ಎರಡೇ ವರ್ಷ ಹಳೆಯದು, ಬೆಲೆಯೂ ಕಡಿಮೆ. ಮೊದಲ ಫೋಟೋದ ಹಿನ್ನೆಲೆ ಹಾಲಿನಷ್ಟು ಬಿಳಿ. ಗೋಡೆಯಿಲ್ಲ, ಪೈಪಿಲ್ಲ, ವೈರಿಲ್ಲ. ಅದು ಕಂಪನಿಯ ಪ್ರಚಾರದ ಚಿತ್ರ. ಬರೀ ಇಷ್ಟಕ್ಕೆ ಸಂಶಯಪಡಬೇಕಿಲ್ಲ, ಮಾದರಿ ಯಾವುದೆಂದು ತೋರಿಸಲು ಒಳ್ಳೆಯವರೂ ಇಂಥ ಚಿತ್ರ ಹಾಕುತ್ತಾರೆ. ಆದರೆ ಅದರ ಜೊತೆಗೆ ಗೋಡೆಯ ಮೇಲಿರುವ ಎಸಿಯ ಚಿತ್ರವೂ ಇರಬೇಕು.

ಎರಡನೆಯದು ಗೋಡೆಯ ಮೇಲಿನದೇ. ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿದೆವು. ಅದೇ ಪರದೆ, ಗೋಡೆಯ ಮೇಲೆ ಅದೇ ಬಿರುಕು ಇರುವ ಚಿತ್ರ ಪುಣೆಯ ಹಳೆಯ ಜಾಹೀರಾತೊಂದರಲ್ಲಿ ಸಿಕ್ಕಿತು. ಒಂದೇ ಎಸಿ ಎರಡು ಊರಿನ ಗೋಡೆಯ ಮೇಲೆ ಇರಲಾರದಲ್ಲ! ಹಾಗೆಂದು ಲೆನ್ಸ್‌ನಲ್ಲಿ ಏನೂ ಸಿಗದಿದ್ದರೆ ಫೋಟೋ ಅಸಲಿ ಎಂದೇನೂ ಅಲ್ಲ. ಲಾಗಿನ್ ಆದರೆ ಮಾತ್ರ ಕಾಣುವ ಆ್ಯಪ್‌ಗಳ ಚಿತ್ರಗಳು ಅದರ ಹುಡುಕಾಟಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದ ಚಿತ್ರದಲ್ಲಿ, ತೆಗೆದ ದಿನಾಂಕ ಮತ್ತು ಜಾಗದ ಮಾಹಿತಿಯೂ ಉಳಿದಿರುವುದಿಲ್ಲ.

ಮೂರನೆಯ ಚಿತ್ರ ಸ್ಟಾರ್ ಲೇಬಲ್‌ನದು. ಐದು ನಕ್ಷತ್ರ ಸ್ಪಷ್ಟವಾಗಿದ್ದವು, ಅದರ ಕೆಳಗಿನದ್ದನ್ನು ಕತ್ತರಿಸಿದ್ದರು. ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ. ಕೇಂದ್ರದ ಇಂಧನ ದಕ್ಷತೆ ಬ್ಯೂರೋ, ಅಂದರೆ ಬಿಇಇ, ಕೊಡುವ ನಕ್ಷತ್ರಗಳು ಶಾಶ್ವತವಲ್ಲ. ಐಎಸ್‌ಇಇಆರ್ ಎಂಬ ದಕ್ಷತೆಯ ಅಂಕಿ 4.5 ಇದ್ದರೆ 2018ರ ಲೆಕ್ಕದಲ್ಲಿ ಫೈವ್ ಸ್ಟಾರ್ ಸಿಗುತ್ತಿತ್ತು. 2022ರ ಜುಲೈನಿಂದ ಅದಕ್ಕೆ 5.0 ಬೇಕಾಯಿತು, 4.5ರ ಎಸಿ ಫೋರ್ ಸ್ಟಾರ್‌ಗೆ ಇಳಿಯಿತು. ಅಷ್ಟೇ ತಂಪಿಗೆ 5.0ರ ಎಸಿ ವರ್ಷಕ್ಕೆ 900 ಯೂನಿಟ್ ತಿಂದರೆ 4.5ರದ್ದು 1000 ಯೂನಿಟ್ ತಿನ್ನುತ್ತದೆ. ಲೇಬಲ್‌ನ ಅವಧಿ, ಮಾಡೆಲ್ ಸಂಖ್ಯೆ, ಐಎಸ್‌ಇಇಆರ್, ವರ್ಷದ ಯೂನಿಟ್ ಲೆಕ್ಕ ಇವೆಲ್ಲ ಇರುವುದು ನಕ್ಷತ್ರಗಳ ಕೆಳಗೇ. ಅದನ್ನು ಕತ್ತರಿಸಿದರೆ ಎಸಿಯ ವಯಸ್ಸೂ ಮುಚ್ಚಿಹೋಗುತ್ತದೆ.

ನಾಲ್ಕನೆಯದು ಬಿಲ್, ಪೂರ್ತಿ ಮಸುಕು. ಹೆಸರು, ವಿಳಾಸ, ಫೋನ್ ನಂಬರ್ ಮುಚ್ಚಿದ್ದರೆ ಅದು ಸಹಜ. ಸೀರಿಯಲ್ ನಂಬರ್ ಮುಚ್ಚುವವರೂ ಇದ್ದಾರೆ, ಬೇರೆಯವರು ಅದನ್ನು ದುರುಪಯೋಗ ಮಾಡಬಹುದೆಂಬ ಭಯ ಅವರಿಗೆ. ಆದರೆ ಬಿಲ್ಲಿನ ದಿನಾಂಕ ಮತ್ತು ಮಾಡೆಲ್ ಸಂಖ್ಯೆಯನ್ನು ಮುಚ್ಚುವುದರಿಂದ ಯಾರ ಖಾಸಗಿತನವೂ ಉಳಿಯುವುದಿಲ್ಲ. ಮಸುಕು ಎಲ್ಲಿದೆ ಎಂದು ನೋಡಿ, ಅದರಿಂದ ಯಾರಿಗೆ ಲಾಭ ಎಂದು ಕೇಳಿಕೊಳ್ಳಿ.

ಸಹೋದ್ಯೋಗಿ ಮಾರುವವರಿಗೆ ಒಂದೇ ಮೆಸೇಜ್ ಕಳಿಸಿದರು: ಒಂದು ಚೀಟಿಯಲ್ಲಿ ಇವತ್ತಿನ ದಿನಾಂಕ ಬರೆದು, ಎಸಿಯ ಪಕ್ಕ ಹಿಡಿದು, ಪೂರ್ತಿ ಲೇಬಲ್ ಕಾಣುವಂತೆ ಫೋಟೋ ಕಳಿಸಿ. ಎಸಿ ಮನೆಯಲ್ಲಿದ್ದರೆ ಇದು ಎರಡು ನಿಮಿಷದ ಕೆಲಸ. ಫೋಟೋ ಬರಲಿಲ್ಲ. ‘ಬಹಳ ಜನ ಕೇಳ್ತಿದ್ದಾರೆ, ಟೋಕನ್ ಎರಡು ಸಾವಿರ ಹಾಕಿ’ ಎಂಬ ಉತ್ತರದ ಜೊತೆಗೆ ಕ್ಯೂಆರ್ ಕೋಡ್ ಬಂತು. ಅಲ್ಲಿಗೆ ಅವರು ಆ ಮಾತುಕತೆ ನಿಲ್ಲಿಸಿದರು.

ಮುಂದಿನ ವಾರ ಕೊಂಡಾಪುರದ ಒಬ್ಬರ ಜಾಹೀರಾತು ಸಿಕ್ಕಿತು. ಅಲ್ಲೂ ಲೇಬಲ್ ಅರ್ಧವೇ ಇತ್ತು. ಕೇಳಿದ ಹತ್ತು ನಿಮಿಷದಲ್ಲಿ ಚೀಟಿ ಸಮೇತ ಪೂರ್ತಿ ಫೋಟೋ ಬಂತು. ಔಟ್‌ಡೋರ್ ಯೂನಿಟ್‌ನ ಸ್ಟಿಕ್ಕರ್ ಕೂಡ ಕಳಿಸಿದರು, ಗ್ಯಾಸ್ ಆರ್32 ಎಂದಿತ್ತು. ಅಲ್ಲಿ ಆರ್22 ಎಂದಿದ್ದರೆ ಎಸಿ ಹಳೆಯ ಕಾಲದ್ದು ಎಂದೇ ತಿಳಿಯಬೇಕು, ಓಝೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಲೇಬಲ್ ಮಾತ್ರ 2022ಕ್ಕಿಂತ ಹಿಂದಿನ ಅವಧಿಯದು, ಐಎಸ್‌ಇಇಆರ್ 4.6. ಮಾರುವವರು ಸುಳ್ಳು ಹೇಳಿರಲಿಲ್ಲ, ನಿಯಮ ಬದಲಾಗಿದ್ದು ಅವರಿಗೂ ಗೊತ್ತಿರಲಿಲ್ಲ. ಸಹೋದ್ಯೋಗಿ ಮನೆಗೆ ಹೋಗಿ, ಅರ್ಧ ಗಂಟೆ ಎಸಿ ಓಡಿಸಿ ನೋಡಿ, ಫೋರ್ ಸ್ಟಾರ್‌ನ ಬೆಲೆಗೆ ಮಾತಾಡಿ ತಂದರು.

ಕತ್ತರಿಸಿದ ಚಿತ್ರವೊಂದೇ ಮೋಸಕ್ಕೆ ಸಾಕ್ಷಿಯಲ್ಲ. ಬಿಟ್ಟುಹೋದ ಭಾಗವನ್ನು ಕೇಳಿದಾಗ ಫೋಟೋ ಬರುತ್ತದೋ, ಹಣದ ಮಾತು ಬರುತ್ತದೋ ಎಂಬುದರಲ್ಲಿ ವ್ಯತ್ಯಾಸ ತಿಳಿಯುತ್ತದೆ. ಪರಿಚಿತರು ಯಾರಾದರೂ ಈಗಾಗಲೇ ಟೋಕನ್ ಹಾಕಿ ಕುಳಿತಿದ್ದರೆ, ತಡಮಾಡದೆ 1930ಕ್ಕೆ ಕರೆ ಮಾಡಲು ಹೇಳಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುವುದು ಆರಂಭದ ಗಂಟೆಗಳಲ್ಲಿ.