ಗನ್ ಸದ್ದು ಕಾಲಿಗೆ ತಲುಪುವುದೆಷ್ಟು ಹೊತ್ತಿಗೆ?

2022ರ ಜುಲೈ. ಅಮೆರಿಕದ ಯೂಜೀನ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್. 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಅಲೆನ್ ಗನ್ ಸದ್ದಾದ 99 ಮಿಲಿಸೆಕೆಂಡಿಗೆ ಬ್ಲಾಕ್ ಒದ್ದರು. ನೂರಕ್ಕಿಂತ ಮೊದಲು ಒದ್ದರೆ ಸದ್ದು ಕೇಳಿ ಎದ್ದದ್ದಲ್ಲ, ಊಹಿಸಿ ಎದ್ದದ್ದು ಎನ್ನುತ್ತದೆ ನಿಯಮ. ಒಂದೇ ಮಿಲಿಸೆಕೆಂಡಿನ ವ್ಯತ್ಯಾಸಕ್ಕೆ ಅವರು ಅನರ್ಹರಾದರು. ದೇಹ ಅದಕ್ಕಿಂತ ಬೇಗ ಓಗೊಡಲಾರದೆ?

ಇದನ್ನು ಹೇಳಬೇಕಾದರೆ ಆ ಕಿರುಸಮಯವನ್ನು ಬಿಡಿಸಿ ನೋಡಬೇಕು. ಫಿನ್‌ಲೆಂಡಿನ ಆಂಟಿ ಮೆರೊ ಮತ್ತು ಪಾವೊ ಕೋಮಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಆ ಕೆಲಸ ಮಾಡಿತ್ತು. ಓಟಗಾರರ ಕಾಲಿನ ಸ್ನಾಯುಗಳಿಗೆ ಎಲೆಕ್ಟ್ರೋಡ್ ಅಂಟಿಸಿ, ಬ್ಲಾಕ್ ಮೇಲೆ ಬೀಳುವ ಬಲವನ್ನೂ ಅಳೆದರು. ಪ್ರತಿಕ್ರಿಯಾ ಸಮಯ ಎರಡು ತುಂಡಾಯಿತು. ಸದ್ದಿನಿಂದ ಸ್ನಾಯುವಿನಲ್ಲಿ ವಿದ್ಯುತ್ ಮಿಡಿಯುವವರೆಗೆ ಒಂದು. ಆ ಮಿಡಿತದಿಂದ ಬ್ಲಾಕ್ ಮೇಲೆ ಬಲ ಕಾಣಿಸುವವರೆಗೆ ಇನ್ನೊಂದು. ಇನ್ನೂ ಕುತೂಹಲದ ಸಂಗತಿ ಎಂದರೆ, ಬಲ ಬೀಳತೊಡಗಿದಾಗಲೂ ಕಾಲನ್ನು ಚಾಚುವ ಕೆಲವು ಸ್ನಾಯುಗಳು ಎಚ್ಚೆತ್ತಿರಲಿಲ್ಲ.

2007ರಲ್ಲಿ ಬ್ರಿಟನ್ನಿನ ಮ್ಯಾಥ್ಯೂ ಪೇನ್ ಮತ್ತು ಆಂಜೆಲಾ ಹಿಬ್ಸ್ ಇದೇ ಬಗೆಯಲ್ಲಿ ಅಳೆದರು. ಕೆಲವು ಸ್ಟಾರ್ಟ್‌ಗಳಲ್ಲಿ ಸ್ನಾಯು 60 ಮಿಲಿಸೆಕೆಂಡಿಗೂ ಮುನ್ನ ಮಿಡಿದಿತ್ತು. ಒಟ್ಟು ಪ್ರತಿಕ್ರಿಯೆ 85ಕ್ಕೂ ಕೆಳಗೆ ಇಳಿಯಬಲ್ಲದು ಎಂದು ಅವರು ತೀರ್ಮಾನಿಸಿದರು. ಮಿತಿಯನ್ನು 80 ಅಥವಾ 85ಕ್ಕೆ ಇಳಿಸಬೇಕೆಂದು 2009ರಲ್ಲಿ ಕೋಮಿ ಮತ್ತು ಸಂಗಡಿಗರೂ ಸೂಚಿಸಿದರು. ಆದರೂ ಅಲೆನ್ ಓಡಿದ ದಿನ ನೂರರ ಗೆರೆ ಹಾಗೇ ಇತ್ತು.

ಹಾಗಾದರೆ ತರಬೇತಿ ಎಲ್ಲಿ ನಾಟುತ್ತದೆ? ಮೊದಲ ತುಂಡಿನಲ್ಲಿ ಬಹುಪಾಲು ಹೊತ್ತು ಕಿವಿ, ಮಿದುಳು, ಬೆನ್ನುಹುರಿ, ನರಗಳ ಹಾದಿಯಲ್ಲೇ ಕಳೆಯುತ್ತದೆ. ನರದಲ್ಲಿ ಸಂದೇಶ ಓಡುವ ವೇಗವನ್ನು ಎಷ್ಟು ಅಭ್ಯಾಸ ಮಾಡಿದರೂ ಅಷ್ಟಾಗಿ ಹೆಚ್ಚಿಸಲಾಗದು. ಅಭ್ಯಾಸದಿಂದ ಸಾಧ್ಯವಾಗುವುದು ಗಮನ ಚದುರದಂತೆ ನೋಡಿಕೊಳ್ಳುವುದು, ಚಲನೆಯನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು. ಅದರಿಂದ ಉಳಿಯುವುದು ಅಲ್ಪವೇ.

ಎರಡನೆಯ ತುಂಡಿನಲ್ಲಿ ಅವಕಾಶ ಹೆಚ್ಚು. ಸ್ನಾಯುಗಳೆಲ್ಲ ಒಟ್ಟಿಗೆ ಎಚ್ಚೆತ್ತು ಬಲ ಬೇಗ ಏರುವಂತೆ ಪಳಗಿಸಬಹುದು. ಅದೇ ಬಲ ಬ್ಲಾಕ್ ಬಿಟ್ಟ ನಂತರದ ಹೆಜ್ಜೆಗಳಿಗೂ ಒದಗುತ್ತದೆ.

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನ ವಿಶ್ವದಾಖಲೆ ಬರೆದಾಗ ಅವರ ಪ್ರತಿಕ್ರಿಯಾ ಸಮಯ 146 ಮಿಲಿಸೆಕೆಂಡ್. ಅಲೆನ್‌ಗಿಂತ 47 ಮಿಲಿಸೆಕೆಂಡ್ ತಡ. ಓಟಗಾರ ಬೆವರು ಸುರಿಸಬೇಕಾದದ್ದು ಕಿವಿಯ ಮೇಲಲ್ಲ, ಬ್ಲಾಕನ್ನು ಒದೆಯುವ ಕಾಲಿನ ಮೇಲೆ.